ಬುಟ್ಟಿ ಹೊತ್ತು ನಿಂತವನ ಮಾತು

(ಬೆಳೆ ಹಬ್ಬದ ದತ್ತಿ ಉಪನ್ಯಾಸದ ಪಠ್ಯ)



ಏಣೆಲು ಕೊಯ್ಲು ಮುಗಿದಿದೆ, ಬೈಹುಲ್ಲು ಇನ್ನೂ ಅಂಗಳದಲ್ಲೇ ಇದೆ, ಅಡಿಕೆಯ ಕೆಲಸ ಕಾದು ಕೂತಿದೆ. ಇಂಥ ಹೊತ್ತಿನಲ್ಲಿ ರೈತರನ್ನು ಒಂದು ಗಂಟೆ ಕೂರಿಸಿಕೊಳ್ಳುವವನು ಸುತ್ತಿ ಬಳಸಿ ಮಾತಾಡಬಾರದು. ಬೆಳೆ ಹಬ್ಬಕ್ಕೆ ಹೊಂದುವ ವಾಕ್ಯಭಾಗಗಳು ಸತ್ಯವೇದದಲ್ಲಿ ಬೇಕಾದಷ್ಟಿವೆ. ನಾನು ಇವತ್ತು ಒಂದನ್ನೇ ಹಿಡಿದುಕೊಳ್ಳುತ್ತೇನೆ: ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದ ಮೊದಲ 11 ವಚನಗಳು.

ಅಲ್ಲಿ ನಡೆಯುವುದು ಇಷ್ಟು. ರೈತನೊಬ್ಬ ತನ್ನ ಭೂಮಿಯ ಮೊದಲ ಫಲವನ್ನು ಬುಟ್ಟಿಯಲ್ಲಿಟ್ಟುಕೊಂಡು ದೇವಾಲಯಕ್ಕೆ ಹೋಗುತ್ತಾನೆ. ಯಾಜಕನು ಬುಟ್ಟಿಯನ್ನು ತೆಗೆದುಕೊಂಡು ಯಜ್ಞವೇದಿಯ ಮುಂದೆ ಇಡುತ್ತಾನೆ. ರೈತ ಅಲ್ಲಿ ನಿಂತು ಬಾಯಿಬಿಟ್ಟು ಕೆಲವು ಮಾತು ಹೇಳಬೇಕು. ತನ್ನ ಮೂಲಪುರುಷ ನೆಲೆಯಿಲ್ಲದೆ ಅಲೆದ ಅರಾಮ್ಯನಾಗಿದ್ದ, ಕೆಲವೇ ಜನರೊಂದಿಗೆ ಐಗುಪ್ತಕ್ಕೆ ಹೋದ, ಅಲ್ಲಿ ಬಿಟ್ಟಿ ದುಡಿಮೆಗೆ ಸಿಕ್ಕಿಬಿದ್ದೆವು, ಕೂಗಿಕೊಂಡೆವು, ದೇವರು ಬಿಡಿಸಿ ಈ ನೆಲಕ್ಕೆ ತಂದನು, ಅವನು ಕೊಟ್ಟ ನೆಲದ ಫಲವೇ ಇದು ಎಂದು. ಆಮೇಲೆ ಊಟ. ಆ ಊಟಕ್ಕೆ ತನ್ನ ಮನೆಯವರಲ್ಲದೆ ಭೂಮಿಯಿಲ್ಲದ ಲೇವಿಯನೂ ಪರದೇಶದವನೂ ಕೂರಬೇಕು.

ಕೃತಜ್ಞತೆ ಎಂದರೆ ಮನಸ್ಸಿನೊಳಗೆ ಏಳುವ ಒಂದು ಭಾವ ಎಂದು ನಾವು ತಿಳಿದಿದ್ದೇವೆ. ಈ ಭಾಗದಲ್ಲಿ ಭಾವದ ಸುದ್ದಿಯೇ ಕಡಿಮೆ. ಹೊರಬೇಕಾದ ಬುಟ್ಟಿ, ನಡೆಯಬೇಕಾದ ದಾರಿ, ಆಡಬೇಕಾದ ಮಾತು, ಜೊತೆಗೆ ಕೂರಿಸಿಕೊಳ್ಳಬೇಕಾದ ಜನ, ಇಷ್ಟೂ ಹೇಳಿ ಮುಗಿಸುತ್ತದೆ. ನಾನೂ ಅದೇ ಅನುಕ್ರಮದಲ್ಲಿ ಹೋಗುತ್ತೇನೆ.

ಮೊದಲು ಆ ರೈತನ ವರ್ಷವನ್ನು ನೋಡಬೇಕು. ಅವನ ವರ್ಷ ನಮ್ಮದಕ್ಕೆ ತಲೆಕೆಳಗು. ನಮ್ಮಲ್ಲಿ ಜೂನ್‌ನಲ್ಲಿ ಮಳೆ ಹಿಡಿಯುವ ಹೊತ್ತಿಗೆ ಅವನ ಗೋದಿ ಕಣಕ್ಕೆ ಬಂದಿರುತ್ತದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆ ಇಲ್ಲವೆಂದೇ ಲೆಕ್ಕ; ನೆಲ ಸುಟ್ಟ ಇಟ್ಟಿಗೆಯಾಗಿರುತ್ತದೆ, ನೇಗಿಲು ಇಳಿಯುವುದಿಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಮೊದಲ ಮಳೆ ಬಿದ್ದು ಮಣ್ಣು ಸಡಿಲವಾದ ಮೇಲೆಯೇ ಉಳುಮೆ, ಬಿತ್ತನೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಬರುವುದು ದೊಡ್ಡ ಮಳೆ. ಮಾರ್ಚ್, ಏಪ್ರಿಲ್‌ನಲ್ಲಿ ಇನ್ನೊಂದೆರಡು ಮಳೆ ಬಿದ್ದರೆ ಕಾಳು ತುಂಬುತ್ತದೆ, ಬೀಳದಿದ್ದರೆ ಜೊಳ್ಳು. ಯೆರೂಸಲೇಮಿನ ವರ್ಷದ ಮಳೆ ಸುಮಾರು 550 ಮಿಲಿಮೀಟರ್. ಜುಲೈ ಜೋರಾದರೆ ನಮ್ಮ ಕರಾವಳಿಯಲ್ಲಿ ಹದಿನೈದು ದಿನದಲ್ಲಿ ಸುರಿದು ಹೋಗುವಷ್ಟು ನೀರು ಅದು. ನಮ್ಮವರಲ್ಲಿ ಆ ರೈತನಿಗೆ ಹತ್ತಿರದವನೆಂದರೆ ಬಯಲುಸೀಮೆಯ ಎರೆನೆಲದಲ್ಲಿ ಹಿಂಗಾರಿ ಜೋಳ ಬಿತ್ತಿ, ಮಣ್ಣಿನ ತೇವ ಮತ್ತು ಇಬ್ಬನಿ ನಂಬಿ ಕೂರುವವನು.

1908ರಲ್ಲಿ ಗೆಜೆರ್ ಎಂಬಲ್ಲಿ ಅಗೆಯುವಾಗ ಅಂಗೈಯಗಲದ ಒಂದು ಸುಣ್ಣಕಲ್ಲಿನ ಹಲಗೆ ಸಿಕ್ಕಿತು. ಸುಮಾರು 3000 ವರ್ಷ ಹಳೆಯದು. ಈಗ ಇಸ್ತಾಂಬುಲ್‌ನ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ಯಾರೋ ರೈತನ ವರ್ಷವನ್ನು ಕೆತ್ತಿದ್ದಾರೆ: ಒಟ್ಟುಮಾಡಲು ಎರಡು ತಿಂಗಳು, ಬಿತ್ತನೆಗೆ ಎರಡು, ತಡ ಬಿತ್ತನೆಗೆ ಎರಡು, ಅಗಸೆ ಕೊಯ್ಯಲು ಒಂದು, ಜವೆಗೋದಿಯ ಕೊಯ್ಲಿಗೆ ಒಂದು, ಕೊಯ್ದು ಅಳೆಯಲು ಒಂದು, ದ್ರಾಕ್ಷಿಯ ಆರೈಕೆಗೆ ಎರಡು, ಬೇಸಗೆಯ ಹಣ್ಣಿಗೆ ಒಂದು. ಹನ್ನೆರಡು ತಿಂಗಳೂ ಮುಗಿಯಿತು. ಆ ಹಲಗೆಯಲ್ಲಿ ರಾಜನ ಹೆಸರಿಲ್ಲ, ಯುದ್ಧವಿಲ್ಲ. ತಿಂಗಳುಗಳಿಗೆ ಕೆಲಸದ ಹೆಸರೇ ಹೆಸರು.

ಈ ವರ್ಷದೊಳಗೆ ಧರ್ಮಶಾಸ್ತ್ರ ಹಬ್ಬಗಳನ್ನು ಎಲ್ಲಿ ಕೂರಿಸಿದೆ ಎಂದು ಯಾಜಕಕಾಂಡದ 23ನೆಯ ಅಧ್ಯಾಯದಲ್ಲಿ ನೋಡಬಹುದು. ಜವೆಗೋದಿಯ ಮೊದಲ ಸಿವುಡನ್ನು ಪಸ್ಕದ ಹೊತ್ತಿಗೆ ತಂದು ಅರ್ಪಿಸಬೇಕು. ಅಲ್ಲಿಯವರೆಗೆ ಹೊಸ ಕಾಳನ್ನು ಬಾಯಿಗಿಡುವಂತಿಲ್ಲ. ಐವತ್ತನೆಯ ದಿನ ಹೊಸ ಗೋದಿಯ ಎರಡು ರೊಟ್ಟಿ. ಎಲ್ಲ ಒಟ್ಟುಮಾಡಿ ಮುಗಿದ ಮೇಲೆ ಪರ್ಣಶಾಲೆಗಳ ಹಬ್ಬ. ಲೆಕ್ಕ ಮುಗಿದ ಮೇಲೆ ಒಂದು ಸಲ ಕೈಮುಗಿಯುವ ಪದ್ಧತಿ ಇದಲ್ಲ. ಕೊಯ್ಲಿನ ಬಾಗಿಲಲ್ಲೇ ಮೊದಲ ವಂದನೆ ಆಗಬೇಕು.

ಈ ಮಣ್ಣಿನವರಿಗೆ ಇದು ಹೊಸತಲ್ಲ. ತುಳುನಾಡಿನ ಮನೆಗಳಲ್ಲಿ ಕದಿರು ತಂದು ಕಟ್ಟುವುದು, ಸೆಪ್ಟೆಂಬರ್ 8ರಂದು ಕೊಂಕಣಿ ಕ್ಯಾಥೊಲಿಕರು ಮೊಂತಿ ಹಬ್ಬದಲ್ಲಿ ಹರಸಿದ ತೆನೆಯ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಮನೆಮಂದಿಯೆಲ್ಲ ಹಂಚಿಕೊಳ್ಳುವುದು, ಕೊಡಗಿನ ಹುತ್ತರಿ, ಎಲ್ಲವೂ ಬೆಳೆ ಇನ್ನೂ ಗದ್ದೆಯಲ್ಲಿರುವಾಗ ನಡೆಯುವಂಥವು. ನಮ್ಮ ಸಭೆಗಳ ಬೆಳೆ ಹಬ್ಬ ಮಾತ್ರ ಫಸಲು ಮಾರಿ ದುಡ್ಡು ಕೈಗೆ ಬರುವ ದಿನಕ್ಕೆ ಸರಿಯುತ್ತಾ ಹೋಗಿದೆ. ಕಾಣಿಕೆ ಹೆಚ್ಚು ಬರಲಿ ಎಂಬ ಲೆಕ್ಕಾಚಾರ ಅದರ ಹಿಂದಿದೆ ಎಂದು ಹೇಳಿದರೆ ಇಲ್ಲಿರುವ ಖಜಾಂಚಿಗಳು ಕೋಪಿಸಿಕೊಳ್ಳಬಾರದು.

ಪ್ರಥಮ ಫಲವನ್ನು ಹೇಗೆ ಗುರುತು ಮಾಡುತ್ತಿದ್ದರು ಎಂಬುದು ಮೋಶೆಯ ಗ್ರಂಥದಲ್ಲಿಲ್ಲ. ಅದಕ್ಕೆ ಯೆಹೂದ್ಯರ ಮಿಶ್ನಾ ಎಂಬ ಸಂಗ್ರಹಕ್ಕೆ ಹೋಗಬೇಕು. ಯೆರೂಸಲೇಮಿನ ದೇವಾಲಯ ಕ್ರಿ.ಶ. 70ರಲ್ಲಿ ನಾಶವಾಯಿತು, ಮಿಶ್ನಾ ಒಟ್ಟುಗೂಡಿದ್ದು ಸುಮಾರು 200ರ ಹೊತ್ತಿಗೆ. ನಮಗೆ ಅದು ಶಾಸ್ತ್ರವಲ್ಲ, ಆದರೆ ಆ ಪದ್ಧತಿಯ ನೆನಪನ್ನು ಜೋಪಾನವಾಗಿ ಉಳಿಸಿಕೊಂಡವರ ಮಾತು. ಅದರಲ್ಲಿ ಬಿಕ್ಕೂರೀಂ ಎಂಬ ಒಂದು ಭಾಗ ಪೂರ್ತಿ ಈ ಬುಟ್ಟಿಯ ವಿಚಾರಕ್ಕೇ ಮೀಸಲು.

ಅದು ಹೇಳುವಂತೆ, ರೈತ ತನ್ನ ಹೊಲಕ್ಕೆ ಇಳಿಯುತ್ತಾನೆ. ಮೊದಲು ಹಣ್ಣಾಗುತ್ತಿರುವ ಒಂದು ಅಂಜೂರ ಕಾಣುತ್ತದೆ, ಒಂದು ದ್ರಾಕ್ಷಿಗೊಂಚಲು ಕಾಣುತ್ತದೆ, ಒಂದು ದಾಳಿಂಬೆ ಕಾಣುತ್ತದೆ. ಜೊಂಡಿನ ನಾರು ತೆಗೆದು ಅದಕ್ಕೆ ಕಟ್ಟಿ, ಇದು ಪ್ರಥಮ ಫಲ ಎನ್ನುತ್ತಾನೆ. ಅಷ್ಟೇ. ಕೀಳುವುದು ಆಮೇಲೆ.

ನಾರು ಕಟ್ಟಿದ ಆ ಗಳಿಗೆಯಲ್ಲಿ ಉಳಿದ ಬೆಳೆ ಏನಾದೀತು ಎಂದು ಅವನಿಗೆ ಗೊತ್ತಿಲ್ಲ. ಭತ್ತ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕದಿರು ಹೊರಟಿದೆ, ನೋಡಲು ಚೆಂದ. ಆದರೆ ಕುತ್ತಿಗೆ ಬೆಂಕಿರೋಗ ಬಂದರೆ ತೆನೆಯ ಬುಡದ ಗಂಟು ಕಪ್ಪಾಗುತ್ತದೆ, ತೆನೆ ಬಿಳಿಚಿ ನೆಟ್ಟಗೆ ನಿಲ್ಲುತ್ತದೆ. ಭಾರವಿದ್ದರೆ ಬಾಗಬೇಕಿತ್ತು, ಕೈಯಲ್ಲಿ ಹಿಸುಕಿದರೆ ಒಳಗೆ ಹಾಲೂ ಇಲ್ಲ, ಅಕ್ಕಿಯೂ ಇಲ್ಲ. ಅದು ತಪ್ಪಿದರೆ ತಿಗಣೆ, ಕಾಡುಹಂದಿ, ನವಿಲು. ಅವೂ ತಪ್ಪಿದರೆ ಅಕ್ಟೋಬರ್‌ನ ಸಂಜೆಯ ಗುಡುಗುಮಳೆ ಬಂದು ನಿಂತ ಪೈರನ್ನು ಚಾಪೆಯಂತೆ ಮಲಗಿಸುತ್ತದೆ, ಕಾಳು ಅಲ್ಲೇ ಮೊಳೆಯುತ್ತದೆ. ಇಷ್ಟೆಲ್ಲ ಬಾಕಿ ಇರುವಾಗ ಮೊದಲ ತೆನೆ ನನ್ನದಲ್ಲ ಎಂದು ಗುರುತು ಹಾಕಲು ಧೈರ್ಯ ಬೇಕು. ಸಾಲ ತೀರಿಸಿ, ಗೊಬ್ಬರದಂಗಡಿಯ ಬಾಕಿ ಕೊಟ್ಟು, ಉಳಿದದ್ದರಲ್ಲಿ ತೆಗೆದಿಡುವುದು ಸುಲಭ. ಉಳಿಯದಿದ್ದರೆ ಬಿಡುವುದೂ ಸುಲಭ.

ಇನ್ನು ಅವಲಂಬನೆಯ ಮಾತು. ಧರ್ಮೋಪದೇಶಕಾಂಡದ 11ನೆಯ ಅಧ್ಯಾಯದಲ್ಲಿ ಮೋಶೆ ಎರಡು ಬಗೆಯ ಬೇಸಾಯವನ್ನು ಎದುರುಬದುರು ಇಡುತ್ತಾನೆ. ಐಗುಪ್ತದಲ್ಲಿ ಕಾಯಿಪಲ್ಯದ ತೋಟಕ್ಕೆ ಹಾಯಿಸುವಂತೆ ಕಾಲಿನಿಂದ ನೀರು ಹಾಯಿಸುತ್ತಿದ್ದಿರಿ. ಈಗ ಹೋಗುವ ನಾಡು ಬೆಟ್ಟ ಕಣಿವೆಗಳದ್ದು, ಆಕಾಶದ ಮಳೆ ಕುಡಿಯುವಂಥದ್ದು ಎನ್ನುತ್ತಾನೆ. ಕಾಲಿನಿಂದ ನೀರು ಹಾಯಿಸುವುದು ಎಂದರೆ ಏತ ತುಳಿಯುವುದೋ ಅಥವಾ ಕಾಲುವೆಯ ಮಣ್ಣಿನ ಕಟ್ಟನ್ನು ಕಾಲಲ್ಲೇ ಒಡೆದು ಮುಚ್ಚಿ ನೀರು ತಿರುಗಿಸುವುದೋ ಎಂದು ಪಂಡಿತರು ಚರ್ಚಿಸುತ್ತಾರೆ. ನಮ್ಮ ಹಿರಿಯರು ಎರಡನ್ನೂ ಮಾಡಿದವರು. ಬಸಳೆ, ಬದನೆ, ಅಲಸಂಡೆಯ ಸಾಲಿಗೆ ಹಿಮ್ಮಡಿಯಿಂದ ಮಣ್ಣು ತಳ್ಳಿ ನೀರು ಬಿಡುವವರು ಈ ಸಭೆಯಲ್ಲೇ ಇದ್ದಾರೆ.

ಬೇಸಾಯದ ಲೆಕ್ಕದಲ್ಲಿ ನೋಡಿದರೆ ಐಗುಪ್ತವೇ ವಾಸಿ. ನೈಲ್ ನದಿಯ ನೆರೆ ಮಣ್ಣನ್ನೂ ತರುತ್ತಿತ್ತು, ನೀರನ್ನೂ ತರುತ್ತಿತ್ತು. ನದಿ ಕಣ್ಣ ಮುಂದೆ ಇತ್ತು. ಮೋಶೆ ಜನರಿಗೆ ತೋರಿಸುತ್ತಿರುವುದು ಅದಕ್ಕಿಂತ ಅಭದ್ರವಾದ ಒಂದು ನಾಡನ್ನು, ಅದನ್ನೇ ವರವೆಂದು ಕರೆಯುತ್ತಿದ್ದಾನೆ. ಕಾರಣ 8ನೆಯ ಅಧ್ಯಾಯದಲ್ಲಿದೆ. ಹೊಟ್ಟೆ ತುಂಬಿ, ಒಳ್ಳೆಯ ಮನೆ ಕಟ್ಟಿ, ದನ ಕುರಿ ಹೆಚ್ಚಿದಾಗ ಇದೆಲ್ಲ ನನ್ನ ಕೈಯ ಬಲ ಎಂದು ಮನಸ್ಸು ಹೇಳತೊಡಗುತ್ತದೆ. ಮೋಶೆ ಕೈಯ ಬಲವನ್ನು ಅಲ್ಲಗಳೆಯುವುದಿಲ್ಲ; ಆ ಬಲ ಕೊಟ್ಟವನು ಬೇರೊಬ್ಬನಿದ್ದಾನೆ ಎನ್ನುತ್ತಾನೆ, ಅಷ್ಟೇ. ದುಡಿದವನಿಗೆ ದುಡಿಯಲಿಲ್ಲ ಎಂದು ಹೇಳುವ ಭಕ್ತಿ ಸತ್ಯವೇದದ್ದಲ್ಲ.

ನಾಲೆಯಿದ್ದರೆ ಅವಲಂಬನೆ ಮುಗಿಯುತ್ತದೆಯೆ? 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟು ತುಂಬಿತ್ತು, ನಾಟಿಯ ಕಾಲ. ತುಂಬಿದ್ದ ನೀರನ್ನು ದಿನಗಟ್ಟಲೆ ನದಿಗೆ ಬಿಟ್ಟು ಮಟ್ಟ ತಗ್ಗಿಸುತ್ತಾ, ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆ ಕೂರಿಸುವವರೆಗೆ ನಾಲೆಯ ಕೆಳಗಿನ ರೈತರು ಉಸಿರು ಬಿಗಿಹಿಡಿದಿದ್ದರು. ಮಳೆಯನ್ನು ನಂಬಿದವನಿಗೆ ಮೋಡ. ನಾಲೆ ನಂಬಿದವನಿಗೆ ಮೋಡದ ಜೊತೆಗೆ ಒಂದು ಸರಪಳಿ, ಅದನ್ನು ನೋಡಿಕೊಳ್ಳಬೇಕಾದ ಎಂಜಿನಿಯರು, ನೀರು ಹಂಚುವ ಸಮಿತಿ. ಅವಲಂಬನೆ ಕಡಿಮೆಯಾಗಲಿಲ್ಲ, ಅದಕ್ಕೆ ಪಾಲುದಾರರು ಹೆಚ್ಚಾದರು.

ಈಗ 11ನೆಯ ಅಧ್ಯಾಯದ ಕಷ್ಟದ ಭಾಗ. ಅದನ್ನು ಬಿಟ್ಟು ಮುಂದೆ ಹೋದರೆ ನಾನು ನಿಮಗೆ ಮೋಸ ಮಾಡಿದಂತೆ. ನೀವು ಆಜ್ಞೆಗಳಿಗೆ ಕಿವಿಗೊಟ್ಟರೆ ಕಾಲಕಾಲಕ್ಕೆ ಮಳೆ, ಬೇರೆ ದೇವರುಗಳ ಬೆನ್ನುಹತ್ತಿದರೆ ಆಕಾಶ ಮುಚ್ಚುತ್ತದೆ ಎಂದು ಅದೇ 11ನೆಯ ಅಧ್ಯಾಯ ಹೇಳುತ್ತದೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಸಾರಿತು. ಅಂಥ ವರ್ಷ ಈ ವಚನವನ್ನು ಪ್ರಸಂಗಪೀಠದಿಂದ ಓದಿ, ಒಣಗಿದ ಹೊಲದವನ ಮುಖ ನೋಡಿದರೆ ಏನಾಗುತ್ತದೆ? ನಿನ್ನ ಪಾಪಕ್ಕೆ ನಿನ್ನ ಬೆಳೆ ಹೋಯಿತು ಎಂದಂತಾಗುತ್ತದೆ. ಹಾಗೆ ಓದುವುದು ತಪ್ಪು ಎಂದು ನಾನು ನೇರವಾಗಿ ಹೇಳುತ್ತೇನೆ. ಆ ಮಾತು ಒಂದು ಇಡೀ ಜನಾಂಗಕ್ಕೆ ಆಡಿದ್ದು. ಪಕ್ಕದ ಹೊಲದವನ ಅಳತೆ ನೋಡಲು ಕೊಟ್ಟದ್ದಲ್ಲ. ನೀತಿವಂತನ ಮೇಲೂ ಅನೀತಿವಂತನ ಮೇಲೂ ಮಳೆ ಒಂದೇ ಸಮ ಬೀಳುತ್ತದೆ ಎಂದು ಯೇಸು ಬೆಟ್ಟದ ಪ್ರಸಂಗದಲ್ಲಿ ಹೇಳಿದ್ದು ಇದೇ ಅಳತೆಗೋಲನ್ನು ಮುರಿಯಲು.

ಯೆರೆಮೀಯನ 14ನೆಯ ಅಧ್ಯಾಯದಲ್ಲಿ ಒಂದು ಬರಗಾಲದ ಚಿತ್ರವಿದೆ. ದೊಡ್ಡವರು ನೀರಿಗೆ ಕಳಿಸಿದ ಆಳುಗಳು ಖಾಲಿ ಕೊಡ ಹೊತ್ತು ಹಿಂದಿರುಗುತ್ತಾರೆ. ನೆಲ ಬಿರುಕು ಬಿಟ್ಟಿದೆ. ರೈತರು ನಾಚಿಕೆಯಿಂದ ತಲೆಗೆ ಮುಸುಕು ಹಾಕಿಕೊಳ್ಳುತ್ತಾರೆ. ಬೆಳೆ ಕೈಕೊಟ್ಟವನಿಗೆ ಹಸಿವಿಗಿಂತ ಮೊದಲು ಬರುವುದು ನಾಚಿಕೆ. ಅಂಗಡಿಯ ಮುಂದೆ ಹಾದುಹೋಗದೆ ಒಳದಾರಿ ಹಿಡಿಯುವುದು, ಮದುವೆಗೆ ಹೋಗದಿರುವುದು. ಪ್ರವಾದಿ ಅದನ್ನು ಗಮನಿಸಿದ್ದಾನೆ. ಹಾಗೆಯೇ ಹಬಕ್ಕೂಕ ತನ್ನ ಗ್ರಂಥದ ಕೊನೆಗೆ ಅಂಜೂರ, ದ್ರಾಕ್ಷಿ, ಎಣ್ಣೆಮರ, ಹೊಲ, ಹಟ್ಟಿ, ಕೊಟ್ಟಿಗೆ ಒಂದೊಂದನ್ನೂ ಹೆಸರಿಸಿ, ಯಾವುದರಲ್ಲೂ ಏನೂ ಇಲ್ಲ ಎಂದು ಬೆಳೆನಷ್ಟದ ಪಂಚನಾಮೆ ಬರೆದಂತೆ ಬರೆದು, ಆಮೇಲೆಯೇ ತಾನು ದೇವರಲ್ಲಿ ಉಲ್ಲಾಸಿಸುವೆನು ಎನ್ನುತ್ತಾನೆ. ನಷ್ಟವನ್ನು ಮೊದಲು ಪೂರ್ತಿ ಬರೆದಿದ್ದಾನೆ, ಅದನ್ನು ನಾವು ಮರೆಯಬಾರದು. ಬೆಳೆ ಹೋದವನ ಹೆಗಲ ಮೇಲೆ ಕೈಯಿಟ್ಟು ಆದರೂ ಸ್ತೋತ್ರ ಹೇಳು ಎಂದು ಅವಸರಪಡಿಸುವವರು ಹಬಕ್ಕೂಕನ ಅರ್ಧವನ್ನು ಮಾತ್ರ ಓದಿದವರು.

ಪ್ರಥಮ ಫಲದ ನಿಯಮದಲ್ಲೂ ಒಂದು ಕರುಣೆ ಅಡಗಿದೆ. ಅದನ್ನು ತನ್ನ ನೆಲದಲ್ಲಿ ಬೆಳೆದದ್ದರಿಂದಲೇ ತರಬೇಕು. ಬೆಳೆಯೇ ಬಾರದವನು ಪೇಟೆಯಿಂದ ಕೊಂಡು ತರಬೇಕು ಎಂದು ಎಲ್ಲೂ ಇಲ್ಲ. ಹಬ್ಬದ ಕಾಣಿಕೆಗೆ ಸಂಘದಲ್ಲಿ ಸಾಲ ತೆಗೆಯುವ ಅಮ್ಮಂದಿರಿಗೆ ಈ ಮಾತು ತಲುಪಲಿ.

ಬುಟ್ಟಿ ಇಟ್ಟವನು ಆಡುವ ಮಾತಿಗೆ ಬರೋಣ. ಅದರಲ್ಲಿ ಏನಿದೆ ಎಂದು ಆಗಲೇ ಹೇಳಿದೆ. ಏನಿಲ್ಲ ಎಂದು ಈಗ ನೋಡಿ. ಎಷ್ಟು ಮುಡಿ ಬಂತು ಎಂದಿಲ್ಲ. ತಾನೆಷ್ಟು ಬೆವರು ಸುರಿಸಿದೆ ಎಂದಿಲ್ಲ. ನೆರೆಯವನಿಗಿಂತ ಚೆನ್ನಾಗಿ ಬಂತು ಎಂದೂ ಇಲ್ಲ. ನಮ್ಮ ಸಾಕ್ಷಿ ಹೇಳುವ ಹೊತ್ತಿನಲ್ಲಿ ಈ ಮೂರೇ ಹೆಚ್ಚು ಕೇಳಿಬರುತ್ತವೆ. ಅವನು ಮಾತು ಶುರು ಮಾಡುವುದು ನೆಲವಿಲ್ಲದ ತಾತನಿಂದ. ಇವತ್ತು ನೆಲದೊಡೆಯನಾಗಿ ನಿಂತವನು, ನಾವು ಮೊದಲು ಬೇರೆಯವರ ನೆಲದಲ್ಲಿ ಬಿಟ್ಟಿ ದುಡಿದವರು ಎಂದು ಎಲ್ಲರೆದುರು ಹೇಳಿಯೇ ಬುಟ್ಟಿ ಒಪ್ಪಿಸಬೇಕು.

ಅದೂ ಎಲ್ಲರಿಗೂ ಆಗುತ್ತಿರಲಿಲ್ಲ. ಮಿಶ್ನಾದ ಪ್ರಕಾರ ಗೇಣಿದಾರನೂ ಪಾಲಿಗೆ ಮಾಡುವವನೂ ಪ್ರಥಮ ಫಲ ತರುವಂತಿಲ್ಲ, ನೆಲ ಅವನದಲ್ಲವಲ್ಲ. ಈ ಜಿಲ್ಲೆಯ ಹಿರಿಯರಿಗೆ ಇದರ ನೋವು ಅರ್ಥವಾಗುತ್ತದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆಯಡಿ ಗೇಣಿದಾರರು ನಮೂನೆ 7ರಲ್ಲಿ ಡಿಕ್ಲರೇಶನ್ ಕೊಟ್ಟು, ಭೂನ್ಯಾಯ ಮಂಡಳಿಯ ಮುಂದೆ ನಿಂತು, ಇಂಥ ಸರ್ವೆ ನಂಬರಿನಲ್ಲಿ ಇಷ್ಟು ವರ್ಷದಿಂದ ನಾನು ಉಳುತ್ತಿದ್ದೇನೆ ಎಂದು ಹೇಳಿ ನೆಲ ಪಡೆದರು. ಈ ಸಭಾಂಗಣದಲ್ಲಿರುವ ಎಷ್ಟೋ ಮನೆಗಳ ಗದ್ದೆ ಹಾಗೆ ಬಂದದ್ದು. ಆದರೆ ಎರಡು ತಲೆಮಾರು ಕಳೆಯುವಷ್ಟರಲ್ಲಿ ಅದು ಪಿತ್ರಾರ್ಜಿತವಾಗಿಬಿಟ್ಟಿದೆ. ಅಕ್ಕಿಮುಡಿ ಹೊತ್ತು ಧಣಿಯ ಚಾವಡಿಯ ಕೆಳಗೆ ನಿಂತ ಅಜ್ಜನ ಕಥೆಯನ್ನು ಮೊಮ್ಮಕ್ಕಳಿಗೆ ಹೇಳುವವರು ಕಡಿಮೆಯಾಗಿದ್ದಾರೆ. ಧರ್ಮೋಪದೇಶಕಾಂಡದ ರೈತನಾಗಿದ್ದರೆ ಆ ಕಥೆಯನ್ನು ಪ್ರತಿ ವರ್ಷ, ದೇವರ ಮುಂದೆ, ಹೇಳಲೇಬೇಕಾಗಿತ್ತು.

ಬುಟ್ಟಿಗಳ ಮೆರವಣಿಗೆಯ ವಿವರವನ್ನು ಮಿಶ್ನಾ ಸಂತೋಷದಿಂದ ಕೊಡುತ್ತದೆ. ಹತ್ತಿರದ ಊರವರು ತಾಜಾ ಅಂಜೂರ, ದ್ರಾಕ್ಷಿ ತರುತ್ತಾರೆ. ದೂರದವರದು ದಾರಿಯಲ್ಲಿ ಕೆಡುತ್ತದೆಂದು ಒಣಗಿಸಿ ತರುತ್ತಾರೆ. ಮುಂದೆ ಒಂದು ಎತ್ತು, ಅದರ ಕೊಂಬಿಗೆ ಚಿನ್ನದ ತಗಡು, ತಲೆಗೆ ಎಣ್ಣೆಮರದ ಸೊಪ್ಪಿನ ಕಿರೀಟ. ಕೊಳಲು ಊದುತ್ತಾ ಯೆರೂಸಲೇಮಿಗೆ ಬಂದಾಗ ಪಟ್ಟಣದ ಕಸುಬುದಾರರು ಕೆಲಸ ನಿಲ್ಲಿಸಿ ಎದ್ದುನಿಂತು, ಇಂಥ ಊರಿನ ಅಣ್ಣಂದಿರೆ, ಕ್ಷೇಮವಾಗಿ ಬಂದಿರಾ ಎಂದು ಮಾತಾಡಿಸುತ್ತಾರೆ. ದೇವಾಲಯದ ಗುಡ್ಡ ತಲುಪಿದ ಮೇಲೆ ಅಗ್ರಿಪ್ಪ ರಾಜನೇ ಆದರೂ ಬುಟ್ಟಿಯನ್ನು ತನ್ನ ಹೆಗಲ ಮೇಲೆ ತಾನೇ ಹೊರಬೇಕು.

ಇದೆಲ್ಲಕ್ಕಿಂತ ನನಗೆ ಹಿಡಿಸಿದ್ದು ಒಂದು ಸಣ್ಣ ತಿದ್ದುಪಡಿ. ಮೊದಮೊದಲು ಓದು ಬಲ್ಲವರು ಬುಟ್ಟಿ ಒಪ್ಪಿಸುವಾಗಿನ ಆ ಮಾತನ್ನು ತಾವೇ ಹೇಳುತ್ತಿದ್ದರು, ಬಾರದವರಿಗೆ ಯಾಜಕರು ಹೇಳಿಕೊಡುತ್ತಿದ್ದರು. ತನಗೆ ಬಾರದು ಎಂದು ಎಲ್ಲರಿಗೂ ಗೊತ್ತಾಗುವ ನಾಚಿಕೆಗೆ ಬಾರದವರು ಬುಟ್ಟಿ ತರುವುದನ್ನೇ ಬಿಟ್ಟರು. ಆಗ ಹಿರಿಯರು ತೀರ್ಮಾನಿಸಿದರು: ಇನ್ನು ಮೇಲೆ ಬಲ್ಲವನಿಗೂ ಹೇಳಿಕೊಡಬೇಕು, ಬಾರದವನಿಗೂ ಹೇಳಿಕೊಡಬೇಕು. ಸಮಸ್ಯೆ ಮುಗಿಯಿತು. ಬಾರದವನನ್ನು ಕಲಿಯಲು ಕಳಿಸಲಿಲ್ಲ, ಬಲ್ಲವನ ಹೆಚ್ಚುಗಾರಿಕೆಯನ್ನು ತೆಗೆದರು.

ಇನ್ನೊಂದು ನಿಯಮ ಮೊದಲಿಗೆ ಅನ್ಯಾಯವೆಂದೇ ಕಾಣುತ್ತದೆ. ಸಿರಿವಂತರು ಬೆಳ್ಳಿ, ಚಿನ್ನದ ತಟ್ಟೆಯಲ್ಲಿ ಫಲ ತರುತ್ತಿದ್ದರು, ಅವರ ತಟ್ಟೆ ಅವರಿಗೆ ವಾಪಸು. ಬಡವರು ಸಿಪ್ಪೆ ಸುಲಿದ ಬೆತ್ತದಂಥ ಕಡ್ಡಿಗಳಲ್ಲಿ ಹೆಣೆದ ಬುಟ್ಟಿಯಲ್ಲಿ ತರುತ್ತಿದ್ದರು, ಆ ಬುಟ್ಟಿ ಫಲದ ಸಮೇತ ಯಾಜಕನಿಗೆ. ಬಡವನಿಗೇ ನಷ್ಟ ಎಂದು ಯೆಹೂದ್ಯರ ಹಿರಿಯರೂ ಟೀಕಿಸಿದ್ದುಂಟು. ನನಗೆ ತೋರುವುದು ಬೇರೆ. ಬುಟ್ಟಿ ಹಿಂದಿರುಗಿಸಬೇಕಾದರೆ ಹಣ್ಣನ್ನು ಹೊರಗೆ ಸುರಿಯಬೇಕು. ಸುರಿದರೆ ತಳದಲ್ಲಿ ಎಷ್ಟಿತ್ತು ಎಂದು ನಿಂತವರೆಲ್ಲ ನೋಡುತ್ತಾರೆ. ಬುಟ್ಟಿಯ ಸಮೇತ ತೆಗೆದುಕೊಂಡರೆ ಅವನ ಕೊರತೆ ಮುಚ್ಚಿಯೇ ಇರುತ್ತದೆ, ಅವನ ಕೈಯ ಹೆಣಿಗೆಯೂ ಕಾಣಿಕೆಯಾಗುತ್ತದೆ.

ಇದನ್ನು ನಮ್ಮ ಏಲಂ ಪಕ್ಕದಲ್ಲಿ ಇಟ್ಟು ನೋಡಿ. ಬೆಳೆ ಹಬ್ಬದ ಆರಾಧನೆ ಮುಗಿದೊಡನೆ ಬಾಳೆಗೊನೆ, ತೆಂಗಿನಕಾಯಿ, ಕುಂಬಳ, ಊರಕೋಳಿ, ಮೊಟ್ಟೆ ಎಲ್ಲ ಅಂಗಳಕ್ಕೆ ಬರುತ್ತವೆ. ಏಲಂ ಒಳ್ಳೆಯದೇ, ನಗು, ಪೈಪೋಟಿ, ಒಂದು ಪಪ್ಪಾಯಿಗೆ ಸಾವಿರ ರೂಪಾಯಿ, ಸಭೆಯ ಖರ್ಚಿಗೂ ಒಂದಿಷ್ಟು ಆಗುತ್ತದೆ. ಆದರೆ ಮೈಕಿನಲ್ಲಿ ಇಂಥವರು ತಂದದ್ದು, ಇಂಥವರು ಇಷ್ಟಕ್ಕೆ ಹಿಡಿದದ್ದು ಎಂದು ಕೂಗುವಾಗ, ನಾಲ್ಕು ಮೊಟ್ಟೆ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಹೆಂಗಸು ಎಲ್ಲಿ ನಿಂತಿದ್ದಾಳೆ ಎಂದು ಯಾರೂ ನೋಡುವುದಿಲ್ಲ. ತಂದವರ ಹೆಸರು ಕೂಗದೆಯೂ ಏಲಂ ನಡೆಸಬಹುದು. ಕೂಗುವವರಿಗೆ ತುಸು ಸಪ್ಪೆ ಅನ್ನಿಸೀತು, ಅನ್ನಿಸಲಿ.

ಕೊನೆಯದು ಊಟ ಮತ್ತು ಮೂಲೆ. ಯಾಜಕಕಾಂಡದ 23ನೆಯ ಅಧ್ಯಾಯ ಹಬ್ಬಗಳ ಪಟ್ಟಿ ಎಂದೆ. ಐವತ್ತನೆಯ ದಿನದ ಹಬ್ಬದ ವಿಧಿ ಮುಗಿದ ಕೂಡಲೆ, ಮುಂದಿನ ಹಬ್ಬಕ್ಕೆ ಹೋಗುವ ಮೊದಲು, 22ನೆಯ ವಚನದಲ್ಲಿ ಒಂದು ಹೊಲದ ನಿಯಮ ಬರುತ್ತದೆ: ಮೂಲೆಗಳನ್ನು ಪೂರ್ತಿ ಕೊಯ್ಯಬೇಡಿ, ಹಕ್ಕಲನ್ನು ಆರಿಸಬೇಡಿ, ಅದು ಬಡವರಿಗೂ ಪರದೇಶದವರಿಗೂ ಇರಲಿ. ಆರಾಧನೆಯ ಕ್ರಮದ ನಡುವೆ ಕೊಯ್ಲಿನ ನಿಯಮ ಏಕೆ ಬಂತು ಎಂದು ಕೇಳಿದರೆ, ಅದೂ ಆರಾಧನೆಯ ಭಾಗವೇ ಎಂಬುದಲ್ಲದೆ ಬೇರೆ ಉತ್ತರ ನನಗೆ ಕಾಣದು.

ಎಷ್ಟು ಬಿಡಬೇಕು? ಶಾಸ್ತ್ರ ಅಳತೆ ಹೇಳುವುದಿಲ್ಲ. ಅರವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಬೇಡ ಎಂದು ಮಿಶ್ನಾ ಕೆಳಗಿನ ಗೆರೆ ಹಾಕಿತು. ನಮ್ಮ ಲೆಕ್ಕಕ್ಕೆ ತಂದರೆ, ಒಂದು ಎಕರೆಗೆ ಒಂದೂಮುಕ್ಕಾಲು ಸೆಂಟ್ಸ್‌ಗೆ ತುಸು ಕಡಿಮೆ. ಎಕರೆಗೆ 18 ಕ್ವಿಂಟಾಲ್ ಭತ್ತ ಬಂದರೆ 30 ಕಿಲೋ. ಹಾಗೆ ಬಿಟ್ಟದ್ದು ಎಷ್ಟು ಮಟ್ಟಿಗೆ ಹೊಟ್ಟೆ ತುಂಬಿಸುತ್ತಿತ್ತು ಎಂಬುದಕ್ಕೆ ರೂತಳ ಪುಸ್ತಕದಲ್ಲಿ ಲೆಕ್ಕ ಸಿಗುತ್ತದೆ. ಬೋವಜನ ಹೊಲದಲ್ಲಿ ಅವಳು ಸಂಜೆಯವರೆಗೆ ಹಕ್ಕಲು ಆಯ್ದು, ಅಲ್ಲೇ ಬಡಿದು ಅಳೆದಾಗ ಸುಮಾರು ಒಂದು ಏಫಾ ಜವೆಗೋದಿ ಆಯಿತು. ಏಫಾ ಎಂದರೆ ಸುಮಾರು 22 ಲೀಟರ್. ತೂಕದಲ್ಲಿ 13 ಕಿಲೋ ಹಿಡಿಯಬಹುದು. ಅತ್ತೆ ಸೊಸೆ ಇಬ್ಬರು ದಿನಕ್ಕೆ ಅರ್ಧರ್ಧ ಕಿಲೋ ತಿಂದರೆ ಎರಡು ವಾರಕ್ಕೆ ಒಂದು ದಿನ ಕಡಿಮೆ. ಒಂದು ದಿನದ ಹಕ್ಕಲಿಗೆ ಇದು ಬಹಳ ಹೆಚ್ಚು. ಅದರ ಗುಟ್ಟು ಕಥೆಯಲ್ಲೇ ಇದೆ: ಸಿವುಡುಗಳಿಂದ ಕೆಲವು ತೆನೆ ಎಳೆದು ಬೇಕೆಂದೇ ಬೀಳಿಸಿ, ಅವಳನ್ನು ಗದರಿಸಬೇಡಿ ಎಂದು ಬೋವಜ ಕೊಯ್ಯುವ ಆಳುಗಳಿಗೆ ಹೇಳಿಟ್ಟಿದ್ದ. ಅವಳು ಬಾಗಿ ಆರಿಸಿದ್ದು ತನ್ನ ದುಡಿಮೆಯ ಫಲವಾಗಿಯೇ ಮನೆ ಸೇರಿತು, ಯಾರೂ ಅವಳ ಕೈಯಲ್ಲಿ ಭಿಕ್ಷೆ ಇಡಲಿಲ್ಲ.

ಈಗ ನಮ್ಮ ಗದ್ದೆಗೆ ಕಟಾವು ಯಂತ್ರ ಬರುತ್ತದೆ, ಗಂಟೆಯ ಲೆಕ್ಕದ ಬಾಡಿಗೆಗೆ. ಅದನ್ನು ನಾನು ದೂರುವುದಿಲ್ಲ. ಕೊಯ್ಯಲು ಆಳು ಸಿಗದೆ ಗದ್ದೆ ಹಡಿಲು ಬಿಟ್ಟವರ ಕಷ್ಟ ಗೊತ್ತಿದೆ. ಆದರೆ ಹಕ್ಕಲು ಆಯುತ್ತಿದ್ದವರು, ಕೊಯ್ಲಿನ ಕೂಲಿಗೆ ಭತ್ತ ಪಡೆಯುತ್ತಿದ್ದವರು ಎರಡನ್ನೂ ಕಳೆದುಕೊಂಡರು. ಒಂದು ಸಂಗತಿ ಮಾತ್ರ ಉಳಿದಿದೆ. ಯಂತ್ರ ಗದ್ದೆಯೊಳಗೆ ಇಳಿದು ತಿರುಗಬೇಕಾದರೆ ಮೂಲೆಗಳನ್ನು, ಬದುವಿನ ಅಂಚನ್ನು ಮೊದಲೇ ಕತ್ತಿಯಿಂದ ಕೊಯ್ದು ಜಾಗ ಮಾಡಿಕೊಡಬೇಕು. ಧರ್ಮಶಾಸ್ತ್ರ ಬಿಡು ಎಂದ ಆ ಮೂಲೆಯನ್ನೇ ಯಂತ್ರವೂ ಬಿಡುತ್ತದೆ. ಅದನ್ನು ಕೊಯ್ಯಲು ಬರುವವರು ಯಾರು? ಉತ್ತರ ಕರ್ನಾಟಕದಿಂದ, ಜಾರ್ಖಂಡ್, ಬಂಗಾಳದಿಂದ ಬಂದು ನಮ್ಮ ತೋಟದ ಶೆಡ್ಡಿನಲ್ಲಿ ಇರುವವರು, ಇಲ್ಲವೇ ಊರಿನ ಭೂಮಿಯಿಲ್ಲದ ಹೆಂಗಸರು.

ನನ್ನ ಕೋರಿಕೆ ಎರಡೇ. ಮುಂದಿನ ಏಣೆಲಿನಲ್ಲಿ ಕೈಯಿಂದ ಕೊಯ್ದ ಆ ಮೂಲೆಗಳ ಭತ್ತವನ್ನು ಯಂತ್ರದ ರಾಶಿಗೆ ಸೇರಿಸದೆ, ದಿನದ ಕೂಲಿಯನ್ನು ಪೂರ್ತಿ ಕೊಟ್ಟ ಮೇಲೆ, ಕೊಯ್ದವರಿಗೇ ಬಿಟ್ಟುಬಿಡಿ. ಬೆಳೆ ಹಬ್ಬದ ಊಟಕ್ಕೆ ಅವರನ್ನು ಬಡಿಸಲು ಕರೆಯಬೇಡಿ, ನಿಮ್ಮ ಪಂಕ್ತಿಯಲ್ಲೇ ಎಲೆ ಹಾಕಿ ಕೂರಿಸಿ.